ಏಳೂವರೆ ಗಂಟೆ ಏಳು ಪಾಯಿಂಟ್ ಮೂರಾದಾಗ

ಸಲಹಾ ಸಂಸ್ಥೆಗಳು ಮಾರುವುದು ಸಾಮಾನನ್ನಲ್ಲ, ಹೊತ್ತನ್ನು. ಎಂಜಿನಿಯರಿಂಗ್ ಸಲಹೆಗಾರರಿರಲಿ, ತೆರಿಗೆ ಸಲಹೆಗಾರರಿರಲಿ, ಆಸ್ಪತ್ರೆಗೆ ಸಾಫ್ಟ್‌ವೇರ್ ಹಾಕಿಕೊಡುವವರಿರಲಿ, ಯಾರು ಯಾವ ದಿನ ಯಾರ ಕೆಲಸಕ್ಕೆ ಎಷ್ಟು ಗಂಟೆ ಕೂತರು ಎನ್ನುವುದೇ ಅವರ ಸ್ಟಾಕ್ ರಿಜಿಸ್ಟರ್. ಈ ಲೆಕ್ಕದ ಹಾಳೆಗೆ ಕಚೇರಿಗಳಲ್ಲಿ ಟೈಮ್‌ಶೀಟ್ ಎನ್ನುತ್ತಾರೆ. ತಿಂಗಳ ಕೊನೆಯಲ್ಲಿ ಎಲ್ಲರ ಹಾಳೆಗಳನ್ನು ಒಟ್ಟುಗೂಡಿಸಿ, ಗ್ರಾಹಕರ ಪ್ರಕಾರ ಬೇರ್ಪಡಿಸಿ, ದರ ಹಾಕಿ ಬಿಲ್ ಮಾಡಬೇಕು. ಹೊರಗಿನಿಂದ ನೋಡಿದವರಿಗೆ ಇದು ಕೂಡುವ, ಗುಣಿಸುವ ಕೆಲಸ. ಆದರೆ ಕೂಡುವುದರಲ್ಲಿ ಕಂಪ್ಯೂಟರ್ ಎಂದೂ ತಪ್ಪುವುದಿಲ್ಲ. ತಪ್ಪುವುದು ಏನನ್ನು ಕೂಡಬೇಕು ಎನ್ನುವುದರಲ್ಲಿ, ಅದೂ ಸದ್ದಿಲ್ಲದೆ.

ಹೊತ್ತನ್ನು ಹೀಗೆ ತುಂಡು ಮಾಡಿ ಮಾರುವ ಪದ್ಧತಿಯನ್ನು ಅಮೆರಿಕದ ವಕೀಲರು ರೂಢಿಗೆ ತಂದರು. ಬಾಸ್ಟನ್ನಿನ ಹೇಲ್ ಅಂಡ್ ಡಾರ್ ಎಂಬ ವಕೀಲರ ಸಂಸ್ಥೆಯನ್ನು 1919ರಿಂದ ನಡೆಸಿದ ರೆಜಿನಾಲ್ಡ್ ಹೀಬರ್ ಸ್ಮಿತ್, ತಮ್ಮಲ್ಲಿನ ವಕೀಲರೆಲ್ಲ ದಿನದ ಕೆಲಸವನ್ನು ಆರಾರು ನಿಮಿಷದ ತುಂಡುಗಳಲ್ಲಿ ಬರೆದಿಡುವಂತೆ ಮಾಡಿದರು. ಆರು ನಿಮಿಷವೆಂದರೆ ಗಂಟೆಯ ಹತ್ತನೇ ಒಂದು ಭಾಗ. ದಶಾಂಶದಲ್ಲಿ ಬರೆದರೆ ನೇರವಾಗಿ ಗುಣಿಸಬಹುದು. ನಮ್ಮ ಸಣ್ಣ ಕಚೇರಿಗಳಲ್ಲಿ ಆರು ನಿಮಿಷದ ಶಿಸ್ತು ಅಪರೂಪ, ಕಾಲು ಗಂಟೆಯ ಲೆಕ್ಕವೇ ಹೆಚ್ಚು. ಆದರೆ ಗಂಟೆಯನ್ನು ದಶಾಂಶವಾಗಿ ಬರೆಯಬೇಕೆನ್ನುವ ಆ ಹಳೆಯ ಎಚ್ಚರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ತಂಡವನ್ನು ಊಹಿಸಿಕೊಳ್ಳೋಣ. ಬೆಂಗಳೂರಿನ ಜಯನಗರದಲ್ಲಿ ಮಹಡಿಯ ಮೇಲೊಂದು ಕಚೇರಿ. ಸಂಸ್ಥೆಗಳ ದಾಸ್ತಾನು ಮತ್ತು ಲೆಕ್ಕಪತ್ರದ ವ್ಯವಸ್ಥೆಯನ್ನು ಸರಿಪಡಿಸಿಕೊಡುವುದು ಇವರ ಕಸುಬು. ಕೆಲಸ ಮಾಡುವವರು ಮೂವರು: ಗಂಟೆಗೆ 4,000 ರೂಪಾಯಿ ದರದ ಪಾರ್ಟ್ನರ್, 2,500ರ ಸೀನಿಯರ್, 1,200ರ ಜೂನಿಯರ್. ಬಿಲ್ ಮಾಡುವುದು ಅಕೌಂಟ್ಸ್ ನೋಡಿಕೊಳ್ಳುವ ಮೇಡಂ. ಗ್ರಾಹಕರೂ ಮೂವರು: ಬೆಂಗಳೂರಿನದೇ ಒಂದು ಆಸ್ಪತ್ರೆ, ತಿರುಪ್ಪೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆ, ಮಂಡ್ಯದ ಒಂದು ಸಹಕಾರ ಬ್ಯಾಂಕ್. ತಿಂಗಳು 2025ರ ಜುಲೈ.

ಮೂವರೂ ತಮ್ಮ ತಮ್ಮ ಎಕ್ಸೆಲ್ ಹಾಳೆಯಲ್ಲಿ ದಿನವೂ ಬರೆಯುತ್ತಾರೆ. ತಿಂಗಳ ಕೊನೆಗೆ ಮೇಡಂ ಅವನ್ನೆಲ್ಲ ಒಂದರ ಕೆಳಗೊಂದು ಅಂಟಿಸಿ `Entries` ಎಂಬ ಒಂದೇ ಉದ್ದನೆಯ ಹಾಳೆ ಮಾಡುತ್ತಾರೆ. ಅದರ ಒಂದು ಸಾಲು ಹೀಗಿರುತ್ತದೆ:

```
2025-07-09 | E03 | HOSP | Junior | 7.5 | Y | Pharmacy stock check
```

ದಿನಾಂಕ, ಯಾರು, ಯಾವ ಗ್ರಾಹಕ, ಯಾವ ದರ್ಜೆ, ಎಷ್ಟು ಗಂಟೆ, ಬಿಲ್ ಮಾಡಬಹುದೇ, ಏನು ಕೆಲಸ. ಆರನೇ ಕಾಲಂನಲ್ಲಿ `Y` ಇದ್ದರೆ ಗಂಟೆಯ ದರದಲ್ಲಿ ಬಿಲ್. `N` ಅಂದರೆ ಕಚೇರಿಯದೇ ಕೆಲಸ: ಮೀಟಿಂಗು, ತರಬೇತಿ, ಹೊಸ ಗ್ರಾಹಕರಿಗೆ ಕೊಟೇಶನ್ ಬರೆಯುವುದು. ಇವಕ್ಕೆ ಗ್ರಾಹಕರ ಜಾಗದಲ್ಲಿ `OFFICE` ಎಂದಿರುತ್ತದೆ. `R` ಅಂದರೆ ತಿಂಗಳಿಗಿಷ್ಟು ಎಂದು ಮೊದಲೇ ಗೊತ್ತುಮಾಡಿಕೊಂಡ ಒಪ್ಪಂದದ ಗಂಟೆ. ಕಚೇರಿಯ ಗಂಟೆಯಿಂದ ದುಡ್ಡು ಬರುವುದಿಲ್ಲವಲ್ಲ, ಬರೆಯುವುದೇಕೆ ಎಂದು ಕೇಳುವವರಿದ್ದಾರೆ. ಆ ಸಾಲುಗಳಿಲ್ಲದೆ ಹೋದರೆ ತಿಂಗಳ ಲೆಕ್ಕ ತಾಳೆ ನೋಡುವುದಕ್ಕೇ ಆಗುವುದಿಲ್ಲ.

ಈ ತಿಂಗಳ ಹಾಳೆಯಲ್ಲಿ 142 ಸಾಲುಗಳಿವೆ. ಮೇಡಂ ಮೊದಲು ಗಂಟೆಗಳ ಕಾಲಂ ಪೂರ್ತಿ ಕೂಡಿದರು: 378. ಆಮೇಲೆ ಗ್ರಾಹಕರ ಪ್ರಕಾರ ಬೇರ್ಪಡಿಸಿ, ಕಚೇರಿಯ ಗಂಟೆಗಳನ್ನೂ ಸೇರಿಸಿ ಕೂಡಿದರು: 369.5. ಎರಡೂ ಒಂದೇ ಆಗಬೇಕಿತ್ತು. ಎಂಟೂವರೆ ಗಂಟೆ ಹಾಳೆಯಲ್ಲಿದೆ, ಆದರೆ ಯಾವ ಗ್ರಾಹಕರ ಖಾತೆಯಲ್ಲೂ ಇಲ್ಲ.

ಈ ಒಂದು ತಾಳೆಯನ್ನು ಮಾಡದೆ ಬಿಲ್ ಕಳಿಸುವ ಕಚೇರಿಗಳೇ ಹೆಚ್ಚು ಎನ್ನುವುದು ನನ್ನ ಅನುಮಾನ. ಗ್ರಾಹಕರ ಪ್ರಕಾರ ಕೂಡಲು ಬಳಸುವ `SUMIFS`, ಕೇಳಿದ ಹೆಸರಿಗೆ ಹೊಂದುವ ಸಾಲುಗಳನ್ನು ಮಾತ್ರ ಹೆಕ್ಕಿ ಕೂಡುತ್ತದೆ. ಹೊಂದದ ಸಾಲುಗಳ ಬಗ್ಗೆ ತುಟಿಪಿಟಕ್ಕೆನ್ನುವುದಿಲ್ಲ. ಜೂನಿಯರ್ ಒಂದು ದಿನ ಆಸ್ಪತ್ರೆಯ ಹೆಸರಿನ ಕೊನೆಗೆ ಒಂದು ಸ್ಪೇಸ್ ಒತ್ತಿದ್ದ. ಕಣ್ಣಿಗೆ `HOSP` ಎಂದೇ ಕಾಣುತ್ತದೆ, ಎಕ್ಸೆಲ್‌ಗೆ ಅದು ಬೇರೆ ಗ್ರಾಹಕ. ಅಕ್ಷರ ಸಣ್ಣದಾಗಿದ್ದರೆ, ದೊಡ್ಡದಾಗಿದ್ದರೆ ಅದು ಲೆಕ್ಕಿಸುವುದಿಲ್ಲ, ಸ್ಪೇಸನ್ನು ಮಾತ್ರ ಬಿಡುವುದಿಲ್ಲ. ಆ ದಿನದ 8.5 ಗಂಟೆ, ಅಂದರೆ 10,200 ರೂಪಾಯಿ, ಹಾಗೇ ಹೊರಗುಳಿಯಿತು. `TRIM` ಹಾಕಿದರೆ ಈ ಸ್ಪೇಸ್ ಹೋಗುತ್ತದೆ. ವೆಬ್ ಪುಟದಿಂದಲೋ ಇಮೇಲ್‌ನಿಂದಲೋ ನಕಲು ಮಾಡಿ ಅಂಟಿಸಿದ ಹೆಸರಾದರೆ `TRIM` ಕೂಡ ತೆಗೆಯಲಾಗದ ಇನ್ನೊಂದು ಬಗೆಯ ಸ್ಪೇಸ್ ಇರಬಹುದು, ಅದಕ್ಕೆ `SUBSTITUTE` ಬಳಸಿ `CHAR(160)`ನ್ನು ಕಿತ್ತುಹಾಕಬೇಕು. ಹೆಸರನ್ನು ಬರೆಯಲು ಬಿಡದೆ ಪಟ್ಟಿಯಿಂದ ಆರಿಸಿಕೊಳ್ಳುವಂತೆ ಮಾಡುವುದು ಒಳ್ಳೆಯ ದಾರಿ. ಆದರೂ ನಿನ್ನೆಯ ಸಾಲನ್ನು ಕಾಪಿ ಮಾಡಿ ಅಂಟಿಸುವ ಅಭ್ಯಾಸ ಇರುವವರೆಗೆ ಆ ಪಟ್ಟಿಯ ಕಾವಲು ಅಷ್ಟು ಗಟ್ಟಿಯಲ್ಲ. ಅಂಟಿಸಿದ್ದನ್ನು ಎಕ್ಸೆಲ್ ಪಟ್ಟಿಯೊಂದಿಗೆ ಹೋಲಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ.

ಸ್ಪೇಸ್ ತೆಗೆದ ಮೇಲೆ ಎರಡೂ ಕಡೆ 378 ಬಂತು. ಸಮಾಧಾನವಾಗಿ ಬಿಲ್ ಹಾಕಿಬಿಡಬಹುದು ಎನ್ನಿಸುವ ಹೊತ್ತು ಇದೇ. ಆದರೆ 378 ಎನ್ನುವ ಅಂಕಿಯೇ ಸರಿಯಿಲ್ಲ. ಸೀನಿಯರ್ ಕಾರ್ಖಾನೆಯ ಒಂದು ಸಾಲಿನಲ್ಲಿ `4 hrs` ಎಂದು ಬರೆದಿದ್ದರು. ಸಹಕಾರ ಬ್ಯಾಂಕಿನ ಇನ್ನೊಂದು ಸಾಲಿನಲ್ಲಿ 6 ಎನ್ನುವುದು ಅಂಕಿಯಾಗಿರದೆ ಅಕ್ಷರವಾಗಿ ಕೂತಿತ್ತು. ಬೇರೆ ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡ ಫೈಲುಗಳಲ್ಲಿ ಹೀಗಾಗುವುದು ಮಾಮೂಲು. ಇಂಥವನ್ನು `SUM` ಕೂಡುವುದಿಲ್ಲ, `SUMIFS` ಕೂಡುವುದಿಲ್ಲ. ಎರಡೂ ಒಂದೇ ತಪ್ಪು ಮಾಡುವುದರಿಂದ ಎರಡರ ಉತ್ತರವೂ ಒಂದೇ ಬರುತ್ತದೆ, ತಾಳೆ ಆಯಿತೆಂದು ನಾವು ನಂಬುತ್ತೇವೆ. ಇದನ್ನು ಹಿಡಿಯಬೇಕಾದರೆ ಗಂಟೆಗಳನ್ನು ಕೂಡಿದರೆ ಸಾಲದು, ಸಾಲುಗಳನ್ನು ಎಣಿಸಬೇಕು:

```
=COUNTA(E2:E143)-COUNT(E2:E143)
```

`COUNTA` ಖಾಲಿಯಲ್ಲದ ಮನೆಗಳನ್ನೆಲ್ಲ ಎಣಿಸುತ್ತದೆ, `COUNT` ಅಂಕಿ ಇರುವ ಮನೆಗಳನ್ನು ಮಾತ್ರ. ವ್ಯತ್ಯಾಸ ಸೊನ್ನೆ ಬರಬೇಕು. ಇಲ್ಲಿ ಎರಡು ಬಂತು. ಕಾಲಂಗೆ ಯಾರೂ ಅಲಂಕಾರ ಮಾಡದೆ ಹಾಗೇ ಬಿಟ್ಟಿದ್ದರೆ ಕಣ್ಣಿನಿಂದಲೂ ಗುರುತಿಸಬಹುದು: ಅಂಕಿಗಳು ಮನೆಯ ಬಲಕ್ಕೆ ಒರಗಿರುತ್ತವೆ, ಅಕ್ಷರಗಳು ಎಡಕ್ಕೆ. ಎಲ್ಲವನ್ನೂ ಅಂದವಾಗಿ ನಡುವಿಗೆ ತಂದು ಕೂರಿಸುವ ಚಟ ಇರುವವರು ಈ ಸುಳಿವನ್ನೇ ಅಳಿಸಿಹಾಕುತ್ತಾರೆ.

ಎರಡನ್ನೂ ಸರಿಮಾಡಿದಾಗ ಒಟ್ಟು 388 ಆಯಿತು. ಇನ್ನೂ ಎರಡು ಗಂಟೆ ಬಾಕಿ ಇದೆ, ಇದು ಎಲ್ಲಕ್ಕಿಂತ ಹುಷಾರಾಗಿ ಅಡಗಿರುವಂಥದ್ದು. ಜೂನಿಯರ್‌ನ ಹತ್ತು ಸಾಲುಗಳಲ್ಲಿ ಗಂಟೆ 7.30 ಎಂದಿತ್ತು.

"ಏನಪ್ಪಾ, ಈ ಏಳು ಮೂವತ್ತು ಅಂದ್ರೆ ಏಳೂವರೆ ಗಂಟೆನಾ?"

"ಹೌದು ಮೇಡಂ, ಹತ್ತು ಗಂಟೆಗೆ ಬಂದು ಆರೂವರೆಗೆ ಎದ್ದೆ. ಊಟದ ಒಂದು ಗಂಟೆ ಕಳೆದಿದೀನಿ."

ಹುಡುಗನದು ತಪ್ಪೆನ್ನಲಾಗದು. ಬಸ್ಸಿನ ವೇಳಾಪಟ್ಟಿಯಿಂದ ಮದುವೆಯ ಮುಹೂರ್ತದವರೆಗೆ ನಾವೆಲ್ಲ ಗಂಟೆ, ಚುಕ್ಕಿ, ನಿಮಿಷ ಎಂದೇ ಬರೆಯುವವರು. ಆದರೆ ಎಕ್ಸೆಲ್ ಆ ಚುಕ್ಕಿಯನ್ನು ದಶಾಂಶವೆಂದೇ ಓದುತ್ತದೆ. ದಶಾಂಶದ 7.30 ಎಂದರೆ ಏಳು ಗಂಟೆ ಹದಿನೆಂಟು ನಿಮಿಷ. ಪ್ರತಿ ಸಾಲಿನಲ್ಲಿ 12 ನಿಮಿಷ ಹೋಯಿತು, ಹತ್ತು ಸಾಲಿಗೆ ಎರಡು ಗಂಟೆ, 1,200ರ ದರದಲ್ಲಿ 2,400 ರೂಪಾಯಿ. ಮುಕ್ಕಾಲು ಗಂಟೆಯನ್ನು .45 ಎಂದು ಬರೆದರೆ ನಷ್ಟ 18 ನಿಮಿಷ, ಕಾಲು ಗಂಟೆಯನ್ನು .15 ಎಂದು ಬರೆದರೆ ಆರು ನಿಮಿಷ. ಈ ನಷ್ಟ ಯಾವಾಗಲೂ ಕಚೇರಿಗೇ ಆಗುವುದರಿಂದ ಯಾವ ಗ್ರಾಹಕರೂ ಫೋನ್ ಮಾಡಿ ಕೇಳುವುದಿಲ್ಲ, ವರ್ಷಗಟ್ಟಲೆ ಹಾಗೇ ನಡೆಯುತ್ತದೆ.

ಕಾಲು ಗಂಟೆಯ ಲೆಕ್ಕದಲ್ಲಿ ಬರೆಯುವ ಕಚೇರಿಯಾದರೆ ಚುಕ್ಕಿಯ ನಂತರ ಬರಬಹುದಾದದ್ದು ನಾಲ್ಕೇ: 00, 25, 50, 75. ಬೇರೆ ಏನಾದರೂ ಇದ್ದರೆ ಆ ಸಾಲಿನಲ್ಲಿ ಯಾರೋ ನಿಮಿಷ ಬರೆದಿದ್ದಾರೆ ಎಂದರ್ಥ. ನೂರರಿಂದ ಗುಣಿಸಿ ಇಪ್ಪತ್ತೈದರಿಂದ ಭಾಗಿಸಿ ಶೇಷ ಉಳಿಯುತ್ತದೆಯೇ ನೋಡಿದರೆ ಸಾಕು:

```
=MOD(ROUND(E2*100,0),25)<>0
```

`TRUE` ಬಂದ ಸಾಲನ್ನು ಬರೆದವರನ್ನೇ ಕರೆದು ಕೇಳಬೇಕು. 7.30ನ್ನೆಲ್ಲ ತಾವಾಗಿಯೇ 7.5 ಮಾಡಿಬಿಡುವ ಆತುರ ಬೇಡ, ನಿಜಕ್ಕೂ 7.3 ಗಂಟೆ ಎಂದೇ ಬರೆದವರೂ ಇರಬಹುದು. ಆರು ನಿಮಿಷದ ತುಂಡುಗಳಲ್ಲಿ ಬರೆಯುವ ಕಚೇರಿಗೆ ಈ ಸೂತ್ರ ನಡೆಯುವುದೂ ಇಲ್ಲ, ಅಲ್ಲಿ .3 ಎನ್ನುವುದು ನ್ಯಾಯವಾದ ಅಂಕಿ.

ಚುಕ್ಕಿಯ ಬದಲು ಗಡಿಯಾರದ ರೂಪದಲ್ಲಿ, ಅಂದರೆ 7:30 ಎಂದು ಕೋಲನ್ ಹಾಕಿ ಬರೆದರೆ ನಿಮಿಷ ಸರಿಯಾಗಿ ಉಳಿಯುತ್ತದೆ. ಆದರೆ ಎಕ್ಸೆಲ್ ಹೊತ್ತನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ, ಅದರ ಪಾಲಿಗೆ 24 ಗಂಟೆ ಎಂದರೆ 1. ಕಾರ್ಖಾನೆಗೆ ಸೀನಿಯರ್ ಕೊಟ್ಟ ಹೊತ್ತು ಈ ತಿಂಗಳು 31 ಗಂಟೆ 15 ನಿಮಿಷ. ಅದನ್ನು ಗಡಿಯಾರದ ರೂಪದಲ್ಲಿ ಕೂಡಿದರೆ ಪರದೆಯ ಮೇಲೆ 7:15 ಎಂದು ಕಾಣಬಹುದು, ಏಕೆಂದರೆ 24 ದಾಟಿದೊಡನೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮನೆಯ ರೂಪವನ್ನು `[h]:mm` ಮಾಡಿದರೆ 31:15 ಎಂದು ಸರಿಯಾಗಿ ಕಾಣುತ್ತದೆ. ಹಾಗೆ ಸರಿಯಾಗಿ ಕಂಡದ್ದನ್ನು ನೇರವಾಗಿ 2,500ರಿಂದ ಗುಣಿಸಿದರೆ ಬರುವುದು 3,255 ರೂಪಾಯಿ ಚಿಲ್ಲರೆ. ಬರಬೇಕಾದ್ದು 78,125. ಗುಣಿಸುವ ಮೊದಲು 24ರಿಂದ ಗುಣಿಸಿ ದಿನವನ್ನು ಗಂಟೆ ಮಾಡಿಕೊಳ್ಳಬೇಕು. ಈ ತಪ್ಪು ಇಪ್ಪತ್ತನಾಲ್ಕು ಪಟ್ಟು ದೊಡ್ಡದಾದ್ದರಿಂದ ಯಾರ ಕಣ್ಣಿಗಾದರೂ ಬೀಳುತ್ತದೆ. ನಾನು ಹೆಚ್ಚು ಹೆದರುವುದು ಹನ್ನೆರಡು ನಿಮಿಷದ ತಪ್ಪಿಗೇ.

ದಿನಾಂಕದ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಬ್ಬರ ಕಂಪ್ಯೂಟರ್ ಅಮೆರಿಕದ ರೀತಿಗೆ ಹೊಂದಿಸಿದ್ದರೆ 09/07/2025 ಎನ್ನುವುದು ಸೆಪ್ಟೆಂಬರ್ 7 ಆಗಿ, ಜುಲೈ ಬಿಲ್ಲಿನಿಂದ ಜಾರಿಹೋಗುತ್ತದೆ. ಹದಿಮೂರನೇ ತಾರೀಕಿನಿಂದಾಚೆಗೆ ಹದಿಮೂರನೇ ತಿಂಗಳಿಲ್ಲದ ಕಾರಣ ಅದು ದಿನಾಂಕವೇ ಆಗದೆ ಅಕ್ಷರವಾಗಿ ನಿಲ್ಲುತ್ತದೆ. ದಿನಾಂಕದ ಕಾಲಂನ `MIN` ಮತ್ತು `MAX` ನೋಡಿದರೆ ಎರಡೂ ಜುಲೈ ಒಳಗೇ ಇರಬೇಕು. ಜೊತೆಗೆ ಮೇಲೆ ಹೇಳಿದ ಎಣಿಕೆಯನ್ನು ಈ ಕಾಲಂಗೂ ಮಾಡಬೇಕು.

ಈಗ ಒಟ್ಟು 390 ಗಂಟೆ. ಅದರಲ್ಲಿ ಆಸ್ಪತ್ರೆಗೆ 183.25, ಕಾರ್ಖಾನೆಗೆ 75.25, ಸಹಕಾರ ಬ್ಯಾಂಕಿಗೆ 37.5, ಕಚೇರಿಯ ಕೆಲಸಕ್ಕೆ 94. ಈ ನಾಲ್ಕನ್ನೂ ಕೂಡಿದರೆ ಮತ್ತೆ 390. ಗಂಟೆಯ ಮಟ್ಟದಲ್ಲಿ ಲೆಕ್ಕ ಮುಗಿಯಿತು, ಇನ್ನು ದರ.

ದರದಲ್ಲಿ ತಪ್ಪಾಗಲು ಮುಖ್ಯ ಕಾರಣ ಅದು ಬದಲಾಗುವುದು. ಆಸ್ಪತ್ರೆಯ ಒಪ್ಪಂದದ ಪ್ರಕಾರ ಜುಲೈ 16ರಿಂದ ಸೀನಿಯರ್ ದರ 2,500ರಿಂದ 2,800ಕ್ಕೆ ಏರಿದೆ. ದರಪಟ್ಟಿಯಲ್ಲಿ 2,500 ಅಳಿಸಿ 2,800 ಎಂದು ಬರೆದರೆ ಏನಾಗುತ್ತದೆ? ತಿಂಗಳ ಮೊದಲರ್ಧದ 42 ಗಂಟೆಗಳಿಗೂ ಹೊಸ ದರವೇ ಬಿದ್ದು ಆಸ್ಪತ್ರೆಯ ಬಿಲ್ 12,600 ರೂಪಾಯಿ ಹೆಚ್ಚಾಗುತ್ತದೆ. ಅಷ್ಟೇ ಅಲ್ಲ, ಆ ಪಟ್ಟಿಗೇ ಜೋಡಿಸಿದ ಮೇ, ಜೂನ್ ತಿಂಗಳ ಹಾಳೆಗಳನ್ನು ತೆರೆದರೆ ಅವುಗಳ ಮೊತ್ತವೂ ಬದಲಾಗಿರುತ್ತದೆ. ಕಳಿಸಿದ ಬಿಲ್ಲಿಗೂ ನಮ್ಮ ಹಾಳೆಗೂ ಸಂಬಂಧವೇ ಇಲ್ಲದಂತಾಗುತ್ತದೆ.

ಆದ್ದರಿಂದ ದರವನ್ನು ಎಂದೂ ಅಳಿಸಬಾರದು. ಹಳೆಯ ದರಕ್ಕೆ ಕೊನೆಯ ದಿನಾಂಕ ಹಾಕಿ, ಹೊಸ ದರವನ್ನು ಹೊಸ ಸಾಲಿನಲ್ಲಿ ಬರೆಯಬೇಕು:

```
HOSP | Senior | 2025-04-01 | 2025-07-15 | 2500
HOSP | Senior | 2025-07-16 | 2026-03-31 | 2800
```

ಆಮೇಲೆ `Entries` ಹಾಳೆಯ ಪ್ರತಿ ಸಾಲೂ ತನ್ನ ದಿನಾಂಕದ ದರವನ್ನು ತಾನೇ ಹುಡುಕಿಕೊಳ್ಳುತ್ತದೆ:

```
=SUMIFS(Rates!$E:$E, Rates!$A:$A,C2, Rates!$B:$B,D2,
  Rates!$C:$C,"<="&A2, Rates!$D:$D,">="&A2)
```

ದರ ಹುಡುಕಲು ಕೂಡುವ ಸೂತ್ರ ಏಕೆ ಎಂದು ಎಕ್ಸೆಲ್ ಬಲ್ಲವರು ಹುಬ್ಬೇರಿಸಬಹುದು. ಹೊಂದುವ ಸಾಲು ಒಂದೇ ಇದ್ದರೆ ಅದನ್ನು ಕೂಡಿದರೆ ಅದೇ ಬರುತ್ತದೆ. ಒಂದೂ ಇಲ್ಲದಿದ್ದರೆ ಸೊನ್ನೆ ಬರುತ್ತದೆ. ಎರಡು ಸಾಲುಗಳ ದಿನಾಂಕ ಒಂದರ ಮೇಲೊಂದು ಬಿದ್ದಿದ್ದರೆ 5,300 ಎಂಬ ಅಸಂಭವ ದರ ಬಂದು ಎದುರು ನಿಲ್ಲುತ್ತದೆ. ಮೊದಲು ಸಿಕ್ಕ ಸಾಲಿನ ದರವನ್ನು ತಂದುಕೊಟ್ಟು ಸುಮ್ಮನಾಗುವ ಸೂತ್ರಕ್ಕಿಂತ, ತಪ್ಪಿದಾಗ ಎದ್ದು ಕಾಣುವಂತೆ ತಪ್ಪುವ ಸೂತ್ರವೇ ಬಿಲ್ಲಿನ ಕೆಲಸಕ್ಕೆ ವಾಸಿ. `Y` ಇದ್ದೂ ದರ ಸೊನ್ನೆಯಾಗಿರುವ ಸಾಲುಗಳನ್ನು ಸೋಸಿ ನೋಡಿದರೆ, ಹೆಸರಿನ ಹಿಂದೆ ಸ್ಪೇಸ್ ಅಂಟಿದವೂ ಅಲ್ಲೇ ಸಿಗುತ್ತವೆ.

ಹೀಗೆ ಪ್ರತಿ ಸಾಲಿನಲ್ಲೇ ಗಂಟೆಯನ್ನು ದರದಿಂದ ಗುಣಿಸಿ ಮೊತ್ತ ಮಾಡಿ, ಆಮೇಲೆ ಆ ಮೊತ್ತಗಳನ್ನು ಕೂಡಬೇಕು. ಗಂಟೆಗಳನ್ನು ಮೊದಲು ಒಟ್ಟು ಮಾಡಿಕೊಂಡು ಕೊನೆಗೆ ಸರಾಸರಿ ದರ ಹಾಕುವ ಅಡ್ಡದಾರಿ ಹಿಡಿದರೆ, ಯಾವ ದಿನ ಯಾವ ದರ ಇತ್ತು ಎನ್ನುವುದೇ ಕಳೆದುಹೋಗುತ್ತದೆ. ಆಸ್ಪತ್ರೆಯ ಲೆಕ್ಕ ಹೀಗೆ ಬಂತು: ಪಾರ್ಟ್ನರ್‌ನ 6.5 ಗಂಟೆಗೆ 26,000, ಸೀನಿಯರ್‌ನ ಮೊದಲರ್ಧದ 42 ಗಂಟೆಗೆ 1,05,000, ಉತ್ತರಾರ್ಧದ 38.5 ಗಂಟೆಗೆ 1,07,800, ಜೂನಿಯರ್‌ನ 96.25 ಗಂಟೆಗೆ 1,15,500. ಒಟ್ಟು 3,54,300. ಕಾರ್ಖಾನೆಯದು 1,42,125.

ಸಹಕಾರ ಬ್ಯಾಂಕಿನ ಒಪ್ಪಂದ ಬೇರೆ ಥರ. ತಿಂಗಳಿಗೆ 60,000 ರೂಪಾಯಿ, ಅದರೊಳಗೆ 30 ಗಂಟೆಯ ಕೆಲಸ. ಮೂವತ್ತು ದಾಟಿದ ಗಂಟೆಗಳಿಗೆ, ಯಾರೇ ಮಾಡಿರಲಿ, 2,200. ಈ ತಿಂಗಳು 37.5 ಗಂಟೆ ಆಗಿದೆ, ಹೆಚ್ಚುವರಿ ಏಳೂವರೆಗೆ 16,500 ಸೇರಿ 76,500. ಅಕ್ಷರವಾಗಿ ಕೂತು ಲೆಕ್ಕಕ್ಕೆ ಸಿಗದೆ ಹೋಗಿದ್ದ ಆ 6 ಗಂಟೆ ಇದೇ ಬ್ಯಾಂಕಿನದು. ಅದು ಹೊರಗುಳಿದಿದ್ದರೆ ಹೆಚ್ಚುವರಿ ಒಂದೂವರೆ ಗಂಟೆ ಮಾತ್ರ ಉಳಿದು, ಆರು ಗಂಟೆಯ ಪೂರ್ತಿ 13,200 ರೂಪಾಯಿ ಹೋಗುತ್ತಿತ್ತು. ಬೇರೆ ತಿಂಗಳಲ್ಲಿ, ಒಟ್ಟು ಗಂಟೆ ಮೂವತ್ತರೊಳಗೇ ಇದ್ದಾಗ, ಇದೇ ತಪ್ಪಿನಿಂದ ಒಂದು ರೂಪಾಯಿಯೂ ನಷ್ಟವಾಗುವುದಿಲ್ಲ, ತಪ್ಪು ನಡೆಯುತ್ತಿದೆ ಎನ್ನುವುದೂ ತಿಳಿಯುವುದಿಲ್ಲ. ಹೆಚ್ಚುವರಿ ಗಂಟೆಗೆ ಒಂದೇ ದರ ಇಟ್ಟುಕೊಂಡದ್ದು ಈ ಕಚೇರಿಯ ಜಾಣತನ. ದರ್ಜೆಗೊಂದು ದರ ಇದ್ದಿದ್ದರೆ, ಮೂವತ್ತನೇ ಗಂಟೆಯ ಆಚೆಗೆ ಬಿದ್ದವು ಯಾರ ಗಂಟೆಗಳು ಎಂದು ದಿನಾಂಕದ ಕ್ರಮದಲ್ಲಿ ಕೂಡುತ್ತ ಹೋಗಿ ಗುರುತಿಸಬೇಕಾಗುತ್ತಿತ್ತು. ಒಂದೇ ದಿನ ಇಬ್ಬರು ಕೆಲಸ ಮಾಡಿದ್ದರೆ ಯಾರು ಮೊದಲು ಎಂಬ ಜಗಳಕ್ಕೆ ಯಾವ ಸೂತ್ರವೂ ತೀರ್ಪು ಕೊಡದು, ಒಪ್ಪಂದದಲ್ಲೇ ಬರೆದಿರಬೇಕು.

ತಪ್ಪುಗಳನ್ನೆಲ್ಲ ಒಂದೆಡೆ ಇಟ್ಟು ನೋಡೋಣ. ಸ್ಪೇಸ್‌ನಿಂದ 10,200, `4 hrs` ಎಂದು ಬರೆದದ್ದರಿಂದ 10,000, ಅಕ್ಷರವಾದ ಆರರಿಂದ 13,200, ಏಳು ಮೂವತ್ತರಿಂದ 2,400: ಒಟ್ಟು 35,800 ರೂಪಾಯಿ ಕಡಿಮೆ ಬಿಲ್ ಆಗುವುದಿತ್ತು. ದರ ಅಳಿಸಿ ಬರೆದಿದ್ದರೆ 12,600 ಹೆಚ್ಚು ಬಿಲ್ ಆಗುತ್ತಿತ್ತು. ಎರಡೂ ಒಟ್ಟಿಗೆ ನಡೆದಿದ್ದರೆ ತಿಂಗಳ ಮೊತ್ತದಲ್ಲಿ ಕಾಣುವ ಕೊರತೆ 23,200 ಮಾತ್ರ, ಸುಮಾರು ಐದೂಮುಕ್ಕಾಲು ಲಕ್ಷದ ಬಿಲ್ಲಿನಲ್ಲಿ ಅದು ಯಾರಿಗೂ ಅಷ್ಟಾಗಿ ಚುಚ್ಚುವುದಿಲ್ಲ. ಕಳೆದ ತಿಂಗಳಿಗೆ ಹೋಲಿಸಿ "ಸರಿಯಾಗೇ ಇದೆ ಬಿಡಿ" ಎನ್ನುವ ಪರೀಕ್ಷೆ ಇಂಥಲ್ಲಿ ಕೈಕೊಡುತ್ತದೆ.

ಇಷ್ಟಾದ ಮೇಲೆ ಹಾಳೆ ಪಾರ್ಟ್ನರ್ ಮೇಜಿಗೆ ಹೋಗುತ್ತದೆ. ಆಸ್ಪತ್ರೆಯ ಔಷಧಿ ಪಟ್ಟಿಯನ್ನು ಜೂನಿಯರ್ ಒಮ್ಮೆ ತಪ್ಪಾಗಿ ಹೊಂದಿಸಿ, ಮತ್ತೆ ಆರು ಗಂಟೆ ಕೂತು ಸರಿಮಾಡಿದ್ದ. ನಮ್ಮ ತಪ್ಪಿಗೆ ಅವರು ಯಾಕೆ ದುಡ್ಡು ಕೊಡಬೇಕು, ಬಿಟ್ಟುಬಿಡಿ ಎಂದರು ಪಾರ್ಟ್ನರ್. ಆ ಆರು ಗಂಟೆಯ ಸಾಲನ್ನು ಅಳಿಸಿಬಿಡುವುದು ಸುಲಭ. ಅಳಿಸಿದರೆ ಮಾತ್ರ ಮುಂದಿನ ಆಸ್ಪತ್ರೆಗೆ ಕೊಟೇಶನ್ ಕೊಡುವಾಗ ಈ ಕೆಲಸಕ್ಕೆ ನಿಜವಾಗಿ ಎಷ್ಟು ಗಂಟೆ ಹಿಡಿಯಿತು ಎನ್ನುವುದಕ್ಕೆ ಸುಳ್ಳು ಉತ್ತರ ಸಿಗುತ್ತದೆ, ಜೂನಿಯರ್‌ನ ತಿಂಗಳ ಗಂಟೆಗಳೂ ಹಾಜರಿಗೆ ತಾಳೆಯಾಗುವುದಿಲ್ಲ. ಗಂಟೆಯನ್ನು ಹಾಗೇ ಇಟ್ಟು, ಬಿಲ್ಲಿನಲ್ಲಿ 7,200 ರೂಪಾಯಿ ರಿಯಾಯಿತಿ ಎಂದು ತೋರಿಸಿದರೆ ಎರಡೂ ಉಳಿಯುತ್ತವೆ. ಕಚೇರಿ ತನ್ನ ತಪ್ಪಿಗೆ ತಾನೇ ದುಡ್ಡು ಬಿಟ್ಟಿದೆ ಎನ್ನುವುದು ಗ್ರಾಹಕರಿಗೂ ಗೊತ್ತಾಗುತ್ತದೆ, ಅದೇನೂ ಸಣ್ಣ ವಿಷಯವಲ್ಲ.

ಆಸ್ಪತ್ರೆಯ ಬಿಲ್ ಈಗ 3,47,100. ಕಚೇರಿಯೂ ಆಸ್ಪತ್ರೆಯೂ ಕರ್ನಾಟಕದಲ್ಲೇ ಇರುವುದರಿಂದ ಶೇ 18ರ ಜಿಎಸ್‌ಟಿ ಎರಡು ಪಾಲಾಗುತ್ತದೆ, ಕೇಂದ್ರಕ್ಕೆ 31,239, ರಾಜ್ಯಕ್ಕೆ 31,239. ಒಟ್ಟು ಬಿಲ್ 4,09,578. ತಿರುಪ್ಪೂರು ತಮಿಳುನಾಡಿನಲ್ಲಿದೆ, ಕಾರ್ಖಾನೆ ಜಿಎಸ್‌ಟಿಗೆ ಅಲ್ಲಿ ನೋಂದಾಯಿಸಿಕೊಂಡಿದೆ. ಹಾಗಾಗಿ ಅದರ 1,42,125ಕ್ಕೆ ಶೇ 18ರ ಐಜಿಎಸ್‌ಟಿ ಒಂದೇ. ಅದು 25,582 ರೂಪಾಯಿ 50 ಪೈಸೆ, ಐವತ್ತು ಪೈಸೆ ಮತ್ತು ಮೇಲ್ಪಟ್ಟದ್ದನ್ನು ಮುಂದಿನ ರೂಪಾಯಿಗೆ ಏರಿಸುವ ನಿಯಮದಂತೆ 25,583. ಈ ಏರಿಸುವ ಕೆಲಸವನ್ನು ಪ್ರತಿ ಸಾಲಿನ ತೆರಿಗೆಗೂ ಮಾಡುತ್ತ ಹೋದರೆ ಕೊನೆಯಲ್ಲಿ ಕೆಲವು ರೂಪಾಯಿ ಆಚೀಚೆ ಆಗಿ, ಗ್ರಾಹಕರ ಅಕೌಂಟ್ಸ್ ವಿಭಾಗ ಬಿಲ್ಲನ್ನು ವಾಪಸು ಕಳಿಸುತ್ತದೆ. ಪೈಸೆಗಳನ್ನು ಕೊನೆಯವರೆಗೂ ಇಟ್ಟುಕೊಂಡು ತೆರಿಗೆಯ ಒಟ್ಟು ಮೊತ್ತಕ್ಕೆ ಒಮ್ಮೆ ಮಾತ್ರ ಮಾಡಬೇಕು.

ಹೊತ್ತನ್ನು ಮೇಲಕ್ಕೇರಿಸುವುದು ಮಾತ್ರ ತೆರಿಗೆಯ ಪೈಸೆಯಷ್ಟು ನಿರುಪದ್ರವಿಯಲ್ಲ. ಹತ್ತು ಹತ್ತು ನಿಮಿಷದ ಐದು ಫೋನ್ ಮಾತುಗಳು ಕೂಡಿದರೆ 50 ನಿಮಿಷ. ಒಂದೊಂದನ್ನೂ ಕಾಲು ಗಂಟೆಗೆ ಏರಿಸಿ ಬರೆದರೆ 75 ನಿಮಿಷ. ಒಪ್ಪಂದದಲ್ಲಿ ಹಾಗೆಂದು ಇದ್ದರೆ ಸರಿ. ಇಲ್ಲದಿದ್ದರೆ ಗ್ರಾಹಕರು ತಮ್ಮ ಫೋನಿನ ಪಟ್ಟಿ ತೆಗೆದು ಮುಂದಿಟ್ಟ ದಿನ ಕಚೇರಿಯವರ ಬಾಯಿ ಕಟ್ಟುತ್ತದೆ.

ಬಿಲ್ ಕಳಿಸಿದ ಮೇಲೆ ಮೇಡಂ ಮಾಡುವ ಒಂದು ಕೆಲಸವನ್ನು ಬಹಳ ಕಚೇರಿಗಳು ಮಾಡುವುದಿಲ್ಲ. `Entries` ಹಾಳೆಯ ಕೊನೆಯ ಕಾಲಂನಲ್ಲಿ, ಬಿಲ್ ಆದ ಪ್ರತಿ ಸಾಲಿನ ಎದುರೂ ಬಿಲ್ ನಂಬರ್ ಬರೆಯುತ್ತಾರೆ. ಆಸ್ಪತ್ರೆಯ ಎಲ್ಲ ಸಾಲಿಗೂ ಒಂದು ನಂಬರ್, ರಿಯಾಯಿತಿ ಕೊಟ್ಟ ಆರು ಗಂಟೆಗೂ ಅದೇ. ನಂಬರ್ ಬಿದ್ದ ಸಾಲು ಮತ್ತೆ ಯಾವ ಬಿಲ್ಲಿಗೂ ಹೋಗುವುದಿಲ್ಲ, ಅದನ್ನು ಯಾರೂ ತಿದ್ದುವಂತಿಲ್ಲ. ನಂಬರ್ ಇಲ್ಲದ `Y` ಸಾಲು ಯಾವುದಾದರೂ ಇದ್ದರೆ ಅದು ಇನ್ನೂ ಬಿಲ್ ಆಗಬೇಕಾದ ದುಡ್ಡು. ಆಗಸ್ಟ್ 6ಕ್ಕೆ ಪಾರ್ಟ್ನರ್ ಡೈರಿ ತಿರುವಿಹಾಕಿ, "ಜುಲೈ 24ರಂದು ಕಾರ್ಖಾನೆಯವರ ಜೊತೆ ಎರಡು ಗಂಟೆ ಕೂತಿದ್ದೆ, ಬರೆಯೋದೇ ಮರೆತೆ" ಎಂದಾಗ ಮೇಡಂ ಜುಲೈ ಹಾಳೆಯ ಒಟ್ಟನ್ನಾಗಲಿ ಕಳಿಸಿದ ಬಿಲ್ಲನ್ನಾಗಲಿ ಮುಟ್ಟುವುದಿಲ್ಲ. 24ರ ದಿನಾಂಕದಲ್ಲೇ, ಆ ದಿನದ ದರದಲ್ಲೇ ಹೊಸ ಸಾಲು ಸೇರಿಸುತ್ತಾರೆ, ಬಿಲ್ ನಂಬರಿನ ಮನೆ ಖಾಲಿ ಇರುತ್ತದೆ. ಆಗಸ್ಟ್ ಬಿಲ್ ಮಾಡುವಾಗ ತಿಂಗಳನ್ನು ನೋಡಿ ಹೆಕ್ಕುವುದಿಲ್ಲ, ಆಗಸ್ಟ್ 31ರವರೆಗಿನ, ನಂಬರ್ ಇಲ್ಲದ ಸಾಲುಗಳನ್ನು ಹೆಕ್ಕುತ್ತಾರೆ. ಮರೆತ 8,000 ರೂಪಾಯಿ ತಾನಾಗಿ ಅದರಲ್ಲಿ ಬರುತ್ತದೆ.

ಆಸ್ಪತ್ರೆಯಿಂದ ದುಡ್ಡು ಬಂದಾಗ ಬ್ಯಾಂಕಿನಲ್ಲಿ 4,09,578 ಕಾಣುವುದಿಲ್ಲ. ವೃತ್ತಿಪರ ಶುಲ್ಕವೆಂದು ಶೇ 10 ಟಿಡಿಎಸ್ ಮುರಿದುಕೊಂಡೇ ಕೊಡುತ್ತಾರೆ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿರುವುದರಿಂದ ಮುರಿಯಬೇಕಾದ್ದು 3,47,100ರ ಮೇಲೆ ಮಾತ್ರ, ಅಂದರೆ 34,710. ಜಮೆಯಾಗಬೇಕಾದ್ದು 3,74,868. ಇದಕ್ಕಿಂತ ಕಡಿಮೆ ಬಂದಿದ್ದರೆ ಮೇಡಂ ಮೊದಲು ನೋಡುವುದು, ಅವರು ಟಿಡಿಎಸ್ಸನ್ನು ಜಿಎಸ್‌ಟಿ ಸೇರಿಸಿದ ಮೊತ್ತದ ಮೇಲೆ ಮುರಿದಿದ್ದಾರೆಯೇ ಎಂದು. ಹಾಗಾಗಿದ್ದರೆ ವ್ಯತ್ಯಾಸ 6,248 ರೂಪಾಯಿ ಇರುತ್ತದೆ. ಬೇರೆ ಯಾವುದೇ ಮೊತ್ತ ಕಡಿಮೆ ಬಂದಿದ್ದರೆ, ಆ ಬಿಲ್ ನಂಬರಿನ ಸಾಲುಗಳನ್ನು ತೆರೆದು ಆಸ್ಪತ್ರೆಯ ಅಕೌಂಟ್ಸ್‌ಗೆ ಫೋನ್ ಮಾಡುತ್ತಾರೆ.